ಬ್ರೆಡ್ ಚೀಲದ ಮೇಲೆ ದೊಡ್ಡಮ್ಮ

ಬೇಕರಿ ಬ್ರೆಡ್ಡಿನ ಚೀಲದ ಮೇಲೆ ದೊಡ್ಡಮ್ಮನ ಚಿತ್ರ ಬರಬೇಕು, ಅದೂ ಜಪಾನಿನ ಹಳೆಯ ಮರದಚ್ಚಿನ ಚಿತ್ರಗಳ ಹಾಗೆ ಕಾಣಬೇಕು ಎಂದು ಬೇಕರಿ ಯಜಮಾನರು ನಮ್ಮ ಅಂಗಡಿಗೆ ಬಂದು ಹೇಳಿದಾಗ, ನಾನು ಇದನ್ನು ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಸುತ್ತೇನೆ ಎಂದುಕೊಂಡೆ. ನಾನು ಕಾಗದದ ಚೀಲಗಳಿಗೆ ಅಚ್ಚು ಹಾಕುವ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂರುವವನು. ಸಂಬಳದ ಚೀಟಿಯಲ್ಲಿ ನನ್ನ ಹುದ್ದೆ ‘ಕಲಾವಿದ’. ದಿನವಿಡೀ ಮಾಡುವುದು ಅಂಗಡಿಗಳ ಫೋನ್ ನಂಬರನ್ನು ಸ್ವಲ್ಪ ದೊಡ್ಡದು ಮಾಡುವ ಕೆಲಸ.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಬೇಕರಿಯ ಹಿಂದಿನ ಕೋಣೆಯಲ್ಲಿ ಹಿಟ್ಟು ನಾದುತ್ತಾಳೆ. ಒಂದು ಕಾಲದಲ್ಲಿ ಅಲ್ಲಿಗೆ ತಟ್ಟೆ ತೊಳೆಯಲು ಹೋದವಳು. ನಾದುವವನಿಗೆ ಜ್ವರ ಬಂತು, ಇವಳನ್ನು ಎರಡು ದಿನದ ಮಟ್ಟಿಗೆ ನಿಲ್ಲಿಸಿದರು. ಅವನು ವಾಪಸು ಬರಲಿಲ್ಲ, ಇವಳಿಗೆ ಸಾಕು ಎಂದು ಯಾರೂ ಹೇಳಲಿಲ್ಲ. ಎಲ್ಲರಿಗಿಂತ ಮೊದಲು ಏಳುವುದು, ನಾದುವುದು, ಒಲೆಯ ಹತ್ತಿರ ಬೇಯುವುದು, ಆಮೇಲೆ ಸ್ವಲ್ಪ ಹೊತ್ತು ಮುಂದಿನ ಗಾಜಿನ ಕಪಾಟಿನ ಹಿಂದೆ ನಿಂತು ಬ್ರೆಡ್ ಕೊಡುವುದು, ಮಧ್ಯಾಹ್ನ ಬಸ್ಸಿನಲ್ಲಿ ಬಾಯಿ ತೆರೆದು ನಿದ್ದೆ ಮಾಡುತ್ತಾ ಮನೆಗೆ ಬರುವುದು. ನಾದಿ ನಾದಿ ಅವಳ ಬಲಭುಜ ಎಡಕ್ಕಿಂತ ಕೆಳಗೆ ಇಳಿದಿದೆ. ಹಿಂದಿನಿಂದ ನೋಡಿದರೂ ಬೀದಿಯ ಆ ತುದಿಯಿಂದ ಇವಳೇ ಎಂದು ಹೇಳಬಹುದು.

ಯಜಮಾನರು ಕೊಟ್ಟದ್ದು ಫೋನಿನಲ್ಲಿ ತೆಗೆದ ಫೋಟೋ. ಟ್ಯೂಬ್‌ಲೈಟಿನ ಕೆಳಗೆ ದೊಡ್ಡಮ್ಮ ಹಿಟ್ಟಿನ ಮೇಲೆ ಬಗ್ಗಿದ್ದಾಳೆ. ಶಾಯಿ ಮೂರೇ ಎಂದರು: ಕಡುನೀಲಿ, ಇಟ್ಟಿಗೆ ಕೆಂಪು, ಸಾಸಿವೆ ಹಳದಿ. ನಾಲ್ಕನೆಯದಾಗಿ ಕಾಗದದ ಕೆನೆಬಣ್ಣವೇ ಇದೆಯಲ್ಲ. ಚಿತ್ರದ ಕೆಳಗೆ ‘ಕೈಯಲ್ಲೇ ನಾದಿದ್ದು’ ಎಂದು ಬರಬೇಕಂತೆ.

ನಾನು ಮಾಡಬೇಕಾದ್ದನ್ನೆಲ್ಲ ಮಾಡಿದೆ. ಫೋಟೋದ ಕಾಳುಕಾಳನ್ನು ನಯಗೊಳಿಸಿದೆ, ನೆರಳುಗಳನ್ನು ಅಳಿಸಿದೆ, ನೂರು ಛಾಯೆಗಳನ್ನು ಮೂರು ಸಪಾಟು ಬಣ್ಣಕ್ಕೆ ಇಳಿಸಿದೆ. ಅಂಚು ಹುಡುಕಿ ಗೆರೆ ಎಳೆಯುವ ಕೆಲಸವನ್ನು ಕಂಪ್ಯೂಟರಿಗೇ ಬಿಟ್ಟೆ. ಮೊದಲು ಅದು ಪ್ರತಿ ಸುಕ್ಕಿಗೂ ಪ್ರತಿ ಹಿಟ್ಟಿನ ಕಣಕ್ಕೂ ಗೆರೆ ಎಳೆದು ದೊಡ್ಡಮ್ಮನನ್ನು ಬಿರುಕು ಬಿಟ್ಟ ಗೋಡೆ ಮಾಡಿತು. ಸಣ್ಣ ಗೆರೆಗಳು ಬೇಡ ಎಂದು ಅದಕ್ಕೆ ಹೇಳಿದೆ. ಇಪ್ಪತ್ತರ ಚೆಲುವೆಯೊಬ್ಬಳು ಎದ್ದು ಬಂದಳು. ಭುಜ ವಾಲಿತ್ತು, ಅಭ್ಯಾಸಬಲದಿಂದ ಅದನ್ನೂ ನೇರ ಮಾಡಿಬಿಟ್ಟೆ. ಯಜಮಾನರು ನೋಡಿ ತುಂಬ ಖುಷಿಪಟ್ಟರು. ನನ್ನಲ್ಲಿ ಕಲೆ ಇದೆಯೆಂದು ನನಗೂ ಅನಿಸಿತು. ಅದು ಸಂಜೆಯವರೆಗೂ ಉಳಿಯಿತು.

ಮನೆಯಲ್ಲಿ ದೊಡ್ಡಮ್ಮ ಕಾಲನ್ನು ಬಿಸಿನೀರಿನಲ್ಲಿ ಇಳಿಬಿಟ್ಟುಕೊಂಡು ನನ್ನ ಫೋನ್ ನೋಡಿದಳು.

“ಹುಡುಗಿ ಚೆನ್ನಾಗಿದ್ದಾಳೆ ಕಣೋ. ಮದ್ವೆ ಆಗಿದ್ಯಾ?”

ಅದು ನೀನೇ ಎಂದೆ. ಅವಳು ಮತ್ತೊಮ್ಮೆ ನೋಡಿದಳು.

“ನಾನಾದ್ರೆ ನನ್ನ ಕೈ ಎಲ್ಲಿ?”

ನಾನೂ ಆಗಲೇ ನೋಡಿದ್ದು. ಫೋಟೋದಲ್ಲಿ ಹಿಟ್ಟು ಬಿಳಿ, ಹಿಟ್ಟು ಮೆತ್ತಿದ ಕೈ ಬಿಳಿ, ಹಿಂದಿನ ಗೋಡೆಯೂ ಬಿಳಿ. ನಮ್ಮ ಕಣ್ಣಿಗೆ ಕಾಣುವ ಅಂಚು ಕಂಪ್ಯೂಟರಿಗೆ ಸಿಕ್ಕಿರಲಿಲ್ಲ. ಎಲ್ಲವೂ ಒಂದೇ ಕೆನೆಬಣ್ಣವಾಗಿ ಬೆರೆತು, ತೋಳುಗಳು ಮಣಿಕಟ್ಟಿನಲ್ಲೇ ಮುಗಿದುಹೋಗಿದ್ದವು. ಕೆಳಗೆ ‘ಕೈಯಲ್ಲೇ ನಾದಿದ್ದು’.

ನಾನು ನಕ್ಕೆ. ಅವಳು ನಗಲಿಲ್ಲ. ಮಾತಿಗೂ ದಣಿವಾಗುತ್ತದೆ ಎಂಬಂತೆ ನಿಧಾನವಾಗಿ ವಿಷಯ ಹೇಳಿದಳು. ಹಿಂದಿನ ಕೋಣೆಗೆ ದಪ್ಪ ವೈರು ಎಳೆಸಿದ್ದಾರೆ. ನಾದುವ ಯಂತ್ರ ಬರುತ್ತದೆ. ಯಜಮಾನರು ಇನ್ನು ನೀವು ಆರಾಮಾಗಿ ಮನೆಯಲ್ಲಿರಿ ಎಂದು ಒಂದೆರಡು ಸಲ ಪ್ರೀತಿಯಿಂದಲೇ ಅಂದಿದ್ದಾರೆ. ಆರಾಮಾಗಿದ್ದರೆ ಮನೆಬಾಡಿಗೆಯಲ್ಲಿ ಅವಳ ಪಾಲು ಯಾರು ಕೊಡುತ್ತಾರೆ? ನನ್ನ ಕಲೆಯಂತೂ ಕೊಡುವುದಿಲ್ಲ. ಬೇರೆ ಕಡೆ ಈ ವಯಸ್ಸಿನವಳನ್ನು ಕರೆಯುವವರೂ ಇಲ್ಲ. ಜೊತೆಗೆ ನಿಮ್ಮಮ್ಮನ ಹತ್ತಿರ ಇಡೀ ದಿನ ಒಂದೇ ಸೂರಿನಡಿ ಇರುವುದಕ್ಕಿಂತ ಆ ಒಲೆಯೇ ತಂಪು ಎಂದಳು. ಒಳಗಿನಿಂದ ಅಮ್ಮ ಕೆಮ್ಮಿದರು.

“ನೋಡು, ಚೀಲದ ಮೇಲೆ ನಾನೇ ಅಂತ ಜನಕ್ಕೆ ಗೊತ್ತಾಗ್ಬೇಕು. ಗೊತ್ತಾದ್ರೆ, ಈಯಮ್ಮ ಎಲ್ಲಿ ಅಂತ ಕೇಳ್ತಾರೆ. ಕೇಳಿದ್ರೆ ಅವ್ರು ನನ್ನ ತೋರಿಸ್ಬೇಕಾಗುತ್ತೆ. ಈ ಹುಡುಗೀನ ಯಾರು ಹುಡುಕ್ಕೊಂಡು ಬರ್ತಾರೆ? ಬಂದ್ರೂ ಪಡ್ಡೆಗಳು.”

ಮರುದಿನ ಹಳೆಯ ಫೋಟೋ ಬದಿಗಿಟ್ಟು, ಕೈಗಳನ್ನು ಊಹಿಸಿ ಬರೆದೆ. ಅವಳು ಅದನ್ನು ನೋಡಿ ಬಾಳೆಗೊನೆ ಯಾಕೆ ಬರೆದಿದ್ದೀಯ ಎಂದು ಕೇಳಿದಳು. ರಜೆಯ ದಿನ ಅಡುಗೆಮನೆಯ ಕಿಟಕಿಯ ಪಕ್ಕ ಕಪ್ಪು ಹಲಗೆ ಇಟ್ಟು, ಹಿಟ್ಟು ಮೆತ್ತದಂತೆ ಕೈಗೆ ಎಣ್ಣೆ ಸವರಿಕೊಂಡು ನಾದಲು ಹೇಳಿದೆ. ಪಕ್ಕದಿಂದ ಬಿದ್ದ ಬೆಳಕಿನಲ್ಲಿ, ಕಪ್ಪಿನ ಮೇಲೆ ಪ್ರತಿ ಬೆರಳೂ ಬೇರೆಬೇರೆ ನಿಂತಿತು. ರಜೆಯ ದಿನವೂ ನಾದಿಸ್ತಾನೆ, ಇವನೇ ದೊಡ್ಡ ಯಜಮಾನ ಎಂದು ಗೊಣಗುತ್ತಲೇ ನಾದಿದಳು. ಹೆಬ್ಬೆರಳು ಬುಡದಲ್ಲಿ ಹೊರಕ್ಕೆ ಉಬ್ಬಿತ್ತು, ಕಿರುಬೆರಳು ಪೂರ್ತಿ ಬಿಚ್ಚಿಕೊಳ್ಳುತ್ತಲೇ ಇರಲಿಲ್ಲ. ಹೊಸ ಫೋಟೋ ತೆಗೆದು, ಆ ಅಂಚುಗಳ ಮೇಲೆ ನಾನು ನೀಲಿ ಗೆರೆ ಎಳೆದೆ. ಒತ್ತುವ ಕಡೆ ದಪ್ಪ, ತಿರುಗುವ ಕಡೆ ಸಣ್ಣ.

ಮುಖಕ್ಕೆ ಚೌಕಾಸಿ ನಡೆಯಿತು. ಎಲ್ಲ ಸುಕ್ಕುಗಳನ್ನೂ ಹಾಕು ಎಂದಳು. ಸಪಾಟು ಬಣ್ಣದ ಮೇಲೆ ಒಂದು ಗೆರೆ ಹತ್ತು ಗೆರೆಯಷ್ಟು ಕಾಣುತ್ತದೆ, ಎಲ್ಲ ಹಾಕಿದರೆ ಮಕ್ಕಳು ಬ್ರೆಡ್ ಮುಟ್ಟುವುದಿಲ್ಲ ಎಂದೆ. ಕೊನೆಗೆ ಮೂಗಿನಿಂದ ಬಾಯಿಯ ಬದಿಗೆ ಇಳಿಯುವ ಎರಡು, ಕಣ್ಣ ಕೆಳಗಿನ ಊತ, ಹುಬ್ಬಿನ ನಡುವಿನ ಒಂದಕ್ಕೆ ಒಪ್ಪಂದವಾಯಿತು. ಅಷ್ಟಾದರೂ ಅವಳಾಗಲಿಲ್ಲ. ಭುಜವನ್ನು ಮತ್ತೆ ಕೆಳಗಿಳಿಸಿದೆ. ದೊಡ್ಡಮ್ಮ ಪರದೆಯ ಮೇಲೆ ಬಂದು ನಿಂತಳು.

ಯಜಮಾನರು ಹೊಸ ಚಿತ್ರ ನೋಡಿ ಬಹಳ ಹೊತ್ತು ಗಲ್ಲ ಕೆರೆದುಕೊಂಡರು. ಮೊದಲಿನದೇ ಚೆನ್ನಾಗಿತ್ತು, ಇದರಲ್ಲಿ ಸುಸ್ತಾದಂತೆ ಕಾಣ್ತಾರೆ ಎಂದರು. ಸುಸ್ತಾಗಿದ್ದಾಳೆ ಎನ್ನುವ ಧೈರ್ಯ ನನಗಿಲ್ಲ. ಬೇಕರಿಯವರು ನಮ್ಮ ಅಂಗಡಿಯ ದೊಡ್ಡ ಗಿರಾಕಿ. ಅದಕ್ಕೆ ಅಚ್ಚಿನ ಮಾತು ಹಿಡಿದೆ. ಒಂದೊಂದು ಶಾಯಿಯನ್ನೂ ಬೇರೆಬೇರೆಯಾಗಿ ಒತ್ತುತ್ತೇವೆ, ಕೂದಲೆಳೆಯಷ್ಟು ಆಚೀಚೆ ಸರಿದೇ ಸರಿಯುತ್ತದೆ. ಗೆರೆ ದಪ್ಪವಿದ್ದರೆ, ಬಣ್ಣ ಅದರ ಅಡಿಗೆ ಸ್ವಲ್ಪ ನುಗ್ಗಿದ್ದರೆ, ಕೊನೆಗೆ ಬೀಳುವ ನೀಲಿ ಆ ತಪ್ಪನ್ನೆಲ್ಲ ಮುಚ್ಚುತ್ತದೆ. ಮೊದಲನೆಯದರಲ್ಲಿ ಗೆರೆಗಳೇ ಕಡಿಮೆ; ಆ ಹುಡುಗಿಯ ಕೆಂಪು ತುಟಿ ಕೆಲವು ಚೀಲಗಳಲ್ಲಿ ಕೆನ್ನೆಗೆ ಹೋಗಬಹುದು. ಹೇಳಿದ್ದೆಲ್ಲ ನಿಜವೇ. ಗೆರೆ ದಪ್ಪ ಮಾಡಿ ಆ ಹುಡುಗಿಯನ್ನೂ ಉಳಿಸಬಹುದಿತ್ತು. ಅದನ್ನು ಮಾತ್ರ ಹೇಳಲಿಲ್ಲ. ಯಜಮಾನರು ಸಹಿ ಹಾಕಿದರು.

ಚೀಲ ಹೊರಬಂತು, ಯಂತ್ರವೂ ಬಂತು. ದೊಡ್ಡಮ್ಮ ಹೇಳಿದ ಹಾಗೇ ಆಯಿತು. ಜನ ಚೀಲ ನೋಡಿ, ಬೆಳಿಗ್ಗೆ ಬ್ರೆಡ್ ಕೊಡ್ತಿದ್ದ ಅಮ್ಮ ಅಲ್ವಾ ಇದು, ಎಲ್ಲಿ ಅವ್ರು ಎಂದು ಕೇಳತೊಡಗಿದರು. ಯಜಮಾನರು ಲೆಕ್ಕ ಬಲ್ಲವರು. ಬೀದಿಗೆ ಕಾಣುವ ಗಾಜಿನ ಹಿಂದೆ ಒಂದು ಮೇಜು ಹಾಕಿಸಿ, ಅಲ್ಲಿ ನಾದಲು ದೊಡ್ಡಮ್ಮನನ್ನು ಉಳಿಸಿಕೊಂಡರು. ಸಂಬಳ ಅಷ್ಟೇ. ಆದರೆ ಜನ ಓಡಾಡುವುದು ಸಂಜೆಯಾದ್ದರಿಂದ ಅಂಗಡಿ ಮುಚ್ಚುವವರೆಗೂ ನಿಲ್ಲಬೇಕು. ಬ್ರೆಡ್ಡಿನ ಹಿಟ್ಟೆಲ್ಲ ಹಿಂದೆ ಯಂತ್ರದಲ್ಲಿ ತಿರುಗುತ್ತದೆ. ಇವಳ ಮುಂದಿರುವ ಮುದ್ದೆ ತೋರಿಕೆಯದು. ಅದನ್ನೇ ನಾದಿ, ಅದನ್ನೇ ಬಿಡಿಸಿ, ಮತ್ತೆ ಅದನ್ನೇ ನಾದಬೇಕು.

ನಿನ್ನೆ ಕೆಲಸ ಮುಗಿಸಿ ಅವಳನ್ನು ಕರೆತರಲು ಹೋಗಿದ್ದೆ. ಗಾಜಿನ ಆಚೆ ಯಾರೋ ಚೀಲವನ್ನು ಎತ್ತಿ ಹಿಡಿದು ಅವಳ ಕೈಗೂ ಚಿತ್ರದ ಕೈಗೂ ಹೋಲಿಸಿ ತಲೆದೂಗುತ್ತಿದ್ದರು. ಅವಳು ಚಿತ್ರದಲ್ಲಿರುವ ಹಾಗೇ ಬಗ್ಗಿದ್ದಳು. ದಾರಿಯಲ್ಲಿ, ನನ್ನಿಂದ ಹೀಗಾಯಿತು ದೊಡ್ಡಮ್ಮ ಎಂದೆ. ಕೆಲಸ ಇದೆಯಲ್ಲ, ಸುಮ್ನಿರು ಎಂದಳು. ಬಸ್ಸು ಹತ್ತಿ ಕೂತ ಮೇಲೆ ಕೇಳಿದಳು:

“ಚೀಲ ಇನ್ನೊಂದ್ಸಲ ಅಚ್ಚಾಗುತ್ತಾ?”

ಮುಂದಿನ ವಾರವೇ ಆಗುತ್ತದೆ ಎಂದೆ.

“ಹಾಗಾದ್ರೆ ನನ್ನ ಹಿಂದೆ ಒಂದು ಸ್ಟೂಲು ಬರಿ. ಚಿತ್ರದಲ್ಲಿದ್ರೆ ಅವ್ರು ಹಾಕಿಸ್ಬೇಕಾಗುತ್ತೆ.”

ಅಷ್ಟು ಹೇಳಿ ನಿದ್ದೆಹೋದಳು. ಸ್ಟೂಲನ್ನು ನೀಲಿಯಲ್ಲೇ ತುಂಬಿಬಿಡಬಹುದು. ಹೊಸ ಶಾಯಿ ಬೇಕಾಗುವುದಿಲ್ಲ.