ದೇವೀರಪ್ಪನ ಹೊಗಳಿಕೆ ನನ್ನ ಪಾಲಿಗೆ

ಬೀರೂರು ಬಸ್ ಸ್ಟ್ಯಾಂಡಿನ ಹಿಂದೆ, ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ದೇವೀರಪ್ಪ ಬೈಯುವುದರಲ್ಲಿ ಧಾರಾಳಿ, ಹೊಗಳುವುದರಲ್ಲಿ ಮಹಾ ಜಿಪುಣ ಅಂತ ಊರೆಲ್ಲ ಹೇಳುತ್ತದೆ. ಊರಿಗೇನು ಗೊತ್ತು, ಮಣ್ಣು! ಅವನ ಪಕ್ಕದ ಟೀ ಅಂಗಡಿ ನನ್ನದು. ದಿನಾ ಸಂಜೆ ನನ್ನ ಬೆಂಚಿನ ಮೇಲೆ ಕೂತು ಅವನು ತನ್ನ ಶಿಷ್ಯೆ ಕೋಮಲಾಳನ್ನು ಹೊಗಳುವುದನ್ನು ಕೇಳಿ ಕೇಳಿ ನನಗೆ ತಲೆ ಚಿಟ್ಟುಹಿಡಿದಿದೆ.

"ಯಗಟಿ ಊರಿನ ಹುಡ್ಗಿ ಕಣಕ್ಕಾ, ಕೈ ಏನ್ ಕುದುರ್ತಾ ಐತೆ ಅಂತೀಯ!"

ಅವಳ ಮುಂದೆ ಮಾತ್ರ ಒಂದಕ್ಷರ ಇಲ್ಲ. ಮುಖದೆದುರು ಹೊಗಳಿದರೆ ದೃಷ್ಟಿ ತಗಲುತ್ತದಂತೆ! ಹೀಗಾಗಿ ಬೈಗುಳವೆಲ್ಲ ಅವಳಿಗೆ, ಹೊಗಳಿಕೆಯೆಲ್ಲ ನನಗೆ.

ಒಂದು ಮಧ್ಯಾಹ್ನ ಕೋಮಲಾ ಊಟದ ಡಬ್ಬಿಯನ್ನು ಬ್ಯಾಗಿಗೆ ತುರುಕಿಕೊಂಡು ನನ್ನ ಹತ್ತಿರ ಬಂದಳು.

"ಈರಕ್ಕಾ, ನಾಳೆಯಿಂದ ಬರಲ್ಲ. ಕಡೂರಲ್ಲಿ ಸೀರೆ ಅಂಗಡೀಲಿ ಕೆಲ್ಸ ಐತಂತೆ. ಇದು ನನ್ ಕೈಲಾಗಲ್ಲ, ದೇವೀರಪ್ಪಣ್ಣಂಗೂ ಅದೇ ಅನ್ಸೈತೆ."

ಕಣ್ಣು ತುಂಬಿಕೊಂಡಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು. ಅವಳ ಕೈ ಹಿಡಿದು ದರದರ ಎಳೆದುಕೊಂಡು ಹೋಗಿ ಅವನ ಮುಂದೆ ನಿಲ್ಲಿಸಿದೆ.

"ಲೋ ದೇವೀರಪ್ಪ, ಇವ್ಳು ಕೆಲ್ಸ ಬಿಡ್ತಾಳಂತೆ. ದಿನಾ ನನ್ ಕಿವಿ ತೂತು ಮಾಡ್ತೀಯಲ್ಲ, ಅದನ್ನ ಈಗ ಇವ್ಳಿಗೇ ಹೇಳು. ಇಲ್ದಿದ್ರೆ ನಿಂಗೆ ಟೀ ಇಲ್ಲ!"

ದೇವೀರಪ್ಪ ಗಾಬರಿಯಿಂದ ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟ. "ಎಲ್ಲಾ ಸೂಪರ್ ಕಣಮ್ಮ."

"ಬೆಳಿಗ್ಗೆ ತಾನೇ ನಾನ್ ಮಾಡಿದ್ ವೈರ್ ಜಾಯಿಂಟ್ ಕಿತ್ತಾಕಿದ್ರಿ. ಸುಮ್ನೆ ಸಮಾಧಾನಕ್ಕೆ ಹೇಳ್ಬೇಡಿ ಅಣ್ಣ."

ಸರಿಯಾಗಿಯೇ ಕೇಳಿದಳು. ಸೂಪರ್ ಅಂತೆ, ಸೂಪರ್!

ಅವನು ಅವಳೇ ಸುತ್ತಿದ್ದ ಮೋಟಾರನ್ನು ಬೆಳಕಿಗೆ ತಿರುಗಿಸಿದ.

"ಇಲ್ನೋಡು. ಮೊದ್ಲು ನಿನ್ ಕಾಯಿಲ್ ತುದಿ ಎದ್ದು ಮೋಟಾರ್ ಮೈಗೆ ತಾಗೋವು. ಈಗ ಅದುಮಿ ಕಟ್ಟಿದೀಯ, ಒಂದೂ ಎದ್ದಿಲ್ಲ. ಸುತ್ತಿನ ಲೆಕ್ಕ ನೀನು ತಪ್ಪಲ್ಲ ಅಂತ ನಾನು ಮತ್ತೆ ಎಣಿಸೋದೇ ಬಿಟ್ಟಿದೀನಿ."

"ಬಿಟ್ಟಿದೀರಾ? ಯಾವಾಗಿಂದ?"

"ಯುಗಾದಿಯಿಂದ. ಇನ್ನು ಬರ್ಬೇಕಾಗಿರೋದು ಜಾಯಿಂಟು. ಅವಸರದಲ್ಲಿ ಟೇಪ್ ಸಡಿಲ ಸುತ್ತೀಯ. ನೀರೊಳಗೆ ಓಡೋ ಮೋಟಾರಮ್ಮ ಇದು, ಅಲ್ಲಿಂದ ನೀರಿಳಿದ್ರೆ ಸುಟ್ಟೋಯ್ತದೆ. ಎಳೆದು ಸುತ್ತು, ಒಂದೊಂದು ಸುತ್ತೂ ಹಿಂದಿನದ್ರ ಅರ್ಧ ಮುಚ್ಬೇಕು. ಅದೊಂದು ಕೈಗೆ ಕೂತ್ರೆ ಮೋಟಾರು ನೀನೇ ಮುಚ್ಚಿ ಕಳ್ಸು, ನಾನು ನೋಡೋಕೂ ಬರಲ್ಲ."

ಕೋಮಲಾ ಆ ತಂತಿಯ ಮೇಲೆ ಬೆರಳಾಡಿಸುತ್ತಾ ನಿಂತಳು. ಆಮೇಲೆ ಅವಳ ಸಿಟ್ಟು ಬಂತು ನೋಡಿ!

"ಯುಗಾದೀಲೇ ಹೇಳಿದ್ರೆ ನಿಮ್ ಗಂಟೇನ್ ಹೋಗ್ತಿತ್ತು ಅಣ್ಣ? ದಿನಾ ಮನೇಗ್ ಹೋದ್ರೆ ಅವ್ವ 'ಏನ್ ಕಲ್ತೆ' ಅಂತ ಕೇಳ್ತಾಳೆ. ಹೇಳ್ಕೊಳ್ಳೋಕೆ ನಂಗೆ ಒಂದ್ ಮಾತಿರ್ಲಿಲ್ಲ."

ದೇವೀರಪ್ಪನ ಮುಖ ಕಪ್ಪಿಟ್ಟಿತು. ಕೈ ಒರೆಸಿಕೊಂಡು ಫೋನ್ ತೆಗೆದ. "ಅವ್ವನ ನಂಬರ್ ಕೊಡು. ನಾನೇ ಹೇಳ್ತೀನಿ."

ಅವಳು ನಂಬರ್ ಹೇಳಿದಳು, ಬ್ಯಾಗು ಇಳಿಸಿ ಟೇಪಿನ ಸುರುಳಿ ಕೈಗೆತ್ತಿಕೊಂಡಳು.

"ಜಾಯಿಂಟ್ ಇನ್ನೂ ಬಂದಿಲ್ಲ ಅನ್ನೋದನ್ನೂ ಹೇಳಿ ಅಣ್ಣ. ಇಲ್ದಿದ್ರೆ ಅವ್ವ ನಂಬಲ್ಲ."