ಹೆಲ್ಪರ್ ಎಂದು ಬರೆಸಿದ ಪತ್ರ

ಚನ್ನಪಟ್ಟಣದ ನಮ್ಮ ಲೇತ್ ಶೆಡ್ಡಿನಲ್ಲಿ ಅಪ್ಪ, ನಾನು, ತಮ್ಮ ಮೂವರೇ ಗೊಂಬೆ ಮಾಡುತ್ತಿದ್ದೆವು. ಅಪ್ಪನ ಕಣ್ಣು ಮಂಜಾಗಿ ಒಂದು ಗಿಲಕಿಯ ಕೆಂಪು ಇನ್ನೊಂದಕ್ಕೆ ಹೊಂದದೆ ಹೋದಾಗ, ಬಣ್ಣ ಗೊತ್ತಿದ್ದವರೊಬ್ಬರು ಬೇಕೇಬೇಕಾಯಿತು. ಹಾಗೆ ಬಂದವಳು ಅವಳು. ಪಕ್ಕದ ಬೀದಿಯ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಅರಗಿನ ಬಣ್ಣ ಹಚ್ಚಿದ್ದಳು. ಯಜಮಾನ ತೀರಿಕೊಂಡು ಕಾರ್ಖಾನೆ ಮುಚ್ಚಿತ್ತು. ಅಲ್ಲಿ ದುಡಿದಿದ್ದಕ್ಕೆ ಅವಳ ಬಳಿ ಒಂದು ಚೀಟಿಯೂ ಇರಲಿಲ್ಲ.

ನನಗಿಂತ ಹತ್ತು ವರ್ಷ ದೊಡ್ಡವಳು, ಅಕ್ಕ ಎನ್ನುತ್ತಿದ್ದೆ. ಮೊದಲ ದಿನ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ತಾಳೆಗರಿ ಹಿಡಿದು ಹೊಳಪು ಕೊಟ್ಟು, ಹತ್ತು ಗಿಲಕಿಗಳನ್ನು ಸಾಲಾಗಿಟ್ಟಳು. ಹತ್ತೂ ಒಂದೇ ಕೆಂಪು. ಅಪ್ಪ ಒಂದೊಂದನ್ನೇ ಕಣ್ಣಿನ ಹತ್ತಿರ ಹಿಡಿದು ನೋಡಿ, "ಇವಳನ್ನ ಬಿಡಬೇಡ" ಎಂದರು.

ನಮ್ಮ ಮಾಲು ಕೊಳ್ಳುವ ಬೆಂಗಳೂರಿನವರು ಕೆಲಸಗಾರರಿಗೆ ನೇಮಕಾತಿ ಪತ್ರ ಇರಲೇಬೇಕು ಎಂದಿದ್ದರು. ಅದರಲ್ಲಿ ಏನೇನಿರಬೇಕೋ ನನಗೇನು ಗೊತ್ತು? ರಾಮನಗರದಲ್ಲಿ ನಮ್ಮ ತೆರಿಗೆ ನೋಡುತ್ತಿದ್ದ ಲೆಕ್ಕಿಗರ ಹತ್ತಿರ ಹೋದೆ. ಹುದ್ದೆ, ಸೇರುವ ದಿನ, ಸಂಬಳ, ಕೆಲಸದ ಹೊತ್ತು, ವಾರದ ರಜೆ, ಬಿಡುವುದಾದರೆ ಎಷ್ಟು ದಿನ ಮುಂಚೆ ತಿಳಿಸಬೇಕು ಎಂಬುದು, ಎಲ್ಲವನ್ನೂ ಹೇಳಿದರು. ಹುದ್ದೆಗೆ ಬಂದಾಗ ಪೆನ್ನು ನಿಲ್ಲಿಸಿದರು.

"ಹೆಲ್ಪರ್ ಅಂತ ಹಾಕಿ. ಕುಶಲಕರ್ಮಿ ಅಂದ್ರೆ ಸರ್ಕಾರದ ಕನಿಷ್ಠ ವೇತನದ ದರ ಬೇರೆ, ಅಷ್ಟು ಕೊಡಲೇಬೇಕಾಗುತ್ತೆ. ಪ್ರೊಬೇಷನ್ ಮೂರು ತಿಂಗಳು, ಆಮೇಲೆ ಬರವಣಿಗೆಯಲ್ಲಿ ಕಾಯಂ ಮಾಡ್ತೀವಿ ಅಂತ ಇರಲಿ. ಅಲ್ಲಿವರೆಗೆ ಯಾರು ಯಾವಾಗ ಬೇಕಾದ್ರೂ ಬಿಡಬಹುದು."

ಅದು ಸುಳ್ಳು ಎಂದು ನನಗೆ ಆಗಲೇ ಗೊತ್ತಿತ್ತು. ಹೆಲ್ಪರ್ ಎಂದರೆ ಮರದ ತುಂಡು ಹೊರುವವನು, ಹೊಟ್ಟು ಗುಡಿಸುವವನು. ಆದರೂ ತಲೆಯಾಡಿಸಿದೆ. ದುಡ್ಡು ಉಳಿಸಿ ಲೇತಿಗೆ ಹೊಸ ಮೋಟಾರು ಕೊಳ್ಳುವ ಯೋಚನೆ ನನಗೆ.

ಪತ್ರ ಇಂಗ್ಲಿಷಿನಲ್ಲಿತ್ತು. ಅವಳು ಓದಿದ್ದು ಕನ್ನಡ, ಏಳನೇ ಕ್ಲಾಸಿನವರೆಗೆ. "ಏನೈತೆ ಇದ್ರಲ್ಲಿ ಸಾಬ್ರೆ, ಒಸಿ ಓದಿ ಯೋಳಿ" ಎಂದಳು. ಸಂಬಳ ಓದಿದೆ, ರಜೆ ಓದಿದೆ, ಮೂರು ತಿಂಗಳ ಮಾತೂ ಓದಿದೆ. ಹುದ್ದೆಯ ಸಾಲನ್ನು ಹಾರಿಸಿದೆ. ಅವಳು ಎರಡೂ ಪ್ರತಿಗೆ ಸಹಿ ಹಾಕಿ, ತನ್ನದನ್ನು ಮಡಿಸಿ ಬ್ಯಾಗಿಗಿಟ್ಟುಕೊಂಡಳು.

ಮೂರು ತಿಂಗಳಾದ ಮೇಲೆ ಕೇಳಿದಳು, "ಕಾಯಂ ಕಾಗ್ದ ಕೊಡ್ತೀನಿ ಅಂದಿದ್ರಲ್ಲ?"

"ನೀನು ಮನೆಯವಳಿದ್ದ ಹಾಗೆ ಅಕ್ಕ, ನಮ್ಮ ನಮ್ಮಲ್ಲಿ ಕಾಗದ ಯಾತಕ್ಕೆ?" ಎಂದೆ. ಅವಳು ನಕ್ಕಳು. ಮತ್ತೆ ಕೇಳಲಿಲ್ಲ. ಆ ಮಾತು ಎಷ್ಟು ಸಲೀಸಾಗಿ ನನ್ನ ಬಾಯಿಂದ ಬಂತು ಎಂಬುದನ್ನು ನೆನೆದರೆ ಇವತ್ತಿಗೂ ಮೈ ಹಿಡಿಯಾಗುತ್ತದೆ.

ನಾಲ್ಕನೇ ವರ್ಷ, ಬಣ್ಣದ ಕೆಲಸ ಕಲಿಸಲು ಒಂದು ತರಬೇತಿ ಕೇಂದ್ರದವರು ಜನ ಬೇಕೆಂದರು. ಕುಶಲ ಕೆಲಸದಲ್ಲಿ ಮೂರು ವರ್ಷದ ಅನುಭವ, ಅದಕ್ಕೆ ದಾಖಲೆ, ಇಷ್ಟೇ ಅವರು ಕೇಳಿದ್ದು. ನನಗೂ ಹೇಳದೆ ಅವಳು ಆ ಪತ್ರದ ಜೆರಾಕ್ಸ್ ಕೊಟ್ಟು ಬಂದಿದ್ದಳು. ಸಂದರ್ಶನದಲ್ಲಿ ಅದನ್ನು ಓದಿದವರು ಕೇಳಿದರಂತೆ: "ಇದರಲ್ಲಿ ಹೆಲ್ಪರ್ ಅಂತಿದೆಯಲ್ಲಮ್ಮ, ಅದೂ ಪ್ರೊಬೇಷನ್ ಮೇಲೆ?"

ವಿಷಯ ತಿಳಿದ ದಿನವೇ ಬಣ್ಣದ ಕೆಲಸವೆಲ್ಲ ಅವಳದೇ ಎಂದು ಪ್ರಮಾಣಪತ್ರ ಬರೆದು ನಾನೇ ಒಯ್ದೆ. ಅಧಿಕಾರಿ ಎರಡನ್ನೂ ಪಕ್ಕಪಕ್ಕ ಇಟ್ಟು, "ಎರಡಕ್ಕೂ ನಿಮ್ಮದೇ ಸಹಿ. ಯಾವುದನ್ನ ನಂಬೋಣ?" ಎಂದರು. ಕೆಲಸ ಬೇರೆಯವರಿಗೆ ಹೋಯಿತು.

ಮಾರನೆಯ ದಿನ ಅವಳು ಎಂದಿನ ಹೊತ್ತಿಗೇ ಬಂದು ಲೇತಿನ ಮುಂದೆ ಕೂತಳು. ಬೈದಿದ್ದರೆ ಚೆನ್ನಾಗಿತ್ತು. ವಾರದೊಳಗೆ ಹೊಸ ಪತ್ರ ಮಾಡಿಸಿದೆ, ಈ ಸಲ ಕನ್ನಡದಲ್ಲಿ. ಹುದ್ದೆ ಬಣ್ಣದ ಕುಶಲಕರ್ಮಿ, ಸೇರಿದ ದಿನದಿಂದ ಮಾಡುತ್ತಿರುವುದು ಇದೇ ಕೆಲಸ, ಕಾಯಂ, ಸಂಬಳ ಕುಶಲರ ದರದಲ್ಲಿ. ಅವಳು ಬೆರಳಿಟ್ಟು ಸಾಲುಸಾಲಾಗಿ ಓದಿದಳು.

"ಬುಡೋದಾದ್ರೆ ಒಂದು ತಿಂಗ್ಳು ಮುಂಚೆ ಯೋಳ್ಬೇಕು ಅಂತೈತೆ."

"ಹೌದಕ್ಕ. ನಾನು ತೆಗೆಯೋದಾದ್ರೂ ಅಷ್ಟೇ."

ಸಹಿ ಹಾಕಿದಳು. ತನ್ನ ಪ್ರತಿಯನ್ನು ಮಡಿಸಿ ಬ್ಯಾಗಿಗಿಟ್ಟುಕೊಂಡು, "ಹಂಗಾದ್ರೆ ಇವತ್ತಿಂದ ಒಂದು ತಿಂಗ್ಳು ಅಂತ ಬರ್ಕಳಿ ಸಾಬ್ರೆ" ಎಂದಳು.

ಹಳೆಯ ಪತ್ರದ ಪ್ರಕಾರ, ಕಾಯಂ ಆಗದ ಅವಳು ಆ ಕ್ಷಣವೇ ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ತಿಂಗಳು ಪೂರ್ತಿ ಬಂದಳು, ನನ್ನ ತಮ್ಮನಿಗೆ ಕೆಂಪು ಹೊಂದಿಸುವುದನ್ನು ಕಲಿಸಿಕೊಟ್ಟಳು, ಕೊನೆಯ ದಿನವೂ ಸಂಜೆ ಆರಾಗುವವರೆಗೆ ಕೆಲಸ ಮಾಡಿದಳು.