ಅರವತ್ತನಾಲ್ಕೋ, ನೂರಾ ಹದಿನೈದೋ

ಇಡೀ ಕ್ಲಾಸು ಒಟ್ಟಿಗೆ ಲಾಗ್ ಟೇಬಲ್ ಪುಸ್ತಕದ ಹಾಳೆ ಮಗುಚುವ ಸದ್ದನ್ನು ಈಗಿನ ಮಕ್ಕಳು ಕೇಳಿರಲಾರರು. ನಾನು ಬೋರ್ಡಿನ ಕಡೆ ಮುಖ ಮಾಡಿಕೊಂಡು “ಲಾಗ್ ಟ್ಯಾನ್” ಎನ್ನುತ್ತಿದ್ದಂತೆ ಬೆನ್ನ ಹಿಂದೆ ಸರಬರ ಎಂದು ಶುರುವಾಗುತ್ತಿತ್ತು, ತರಗೆಲೆಯ ಮೇಲೆ ದನದ ಹಿಂಡು ನಡೆದ ಹಾಗೆ. ಬೆರಳುಗಳು ಸಾಲು ಹುಡುಕುವಷ್ಟು ಹೊತ್ತು ಮೌನ. ಆಮೇಲೆ ಯಾವುದೋ ಬೆಂಚಿನಿಂದ “ಬಾರ್ ಒನ್ ಪಾಯಿಂಟ್ ನೈನ್ ತ್ರೀ...” ಎಂದು ಒಂದು ದನಿ ಏಳುತ್ತಿತ್ತು. ಬಹಳ ಸಲ ಆ ದನಿ ಭದ್ರಾವತಿಯಿಂದ ಬರುತ್ತಿದ್ದ ಒಬ್ಬ ಹುಡುಗಿಯದೇ ಆಗಿರುತ್ತಿತ್ತು.

ಆಗ ನಾನು ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಪಿಯುಸಿಗೆ ಗಣಿತ ಹೇಳುತ್ತಿದ್ದೆ. ನಾನು ಕಾನ್ವೆಂಟಿನಲ್ಲಿ ಓದಿ ಬಂದವಳು, ಹೊಸಬಳು, ಬಾಯಿ ತೆರೆದರೆ ಇಂಗ್ಲಿಷು. ಇನ್ನೊಂದು ಸೆಕ್ಷನ್ನು ನಮ್ಮ ಹೆಚ್ಚೋಡಿಯವರದು. ನಿವೃತ್ತಿಗೆ ಹತ್ತಿರವಾದವರು, ಬಿಳಿ ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ತುಂಡು ಸೀಮೆಸುಣ್ಣ. ಊರಿನ ಅರ್ಧದಷ್ಟು ಎಂಜಿನಿಯರುಗಳು ಅವರ ಶಿಷ್ಯರು ಎಂದು ಎಲ್ಲರೂ ಹೇಳುತ್ತಿದ್ದರು. ನನ್ನ ಬಗ್ಗೆ ಅವರಿಗೆ ಪ್ರೀತಿಯೇ ಇತ್ತು, ಸ್ವಲ್ಪ ತಮಾಷೆ ಬೆರೆತ ಪ್ರೀತಿ.

ನಮ್ಮಿಬ್ಬರಿಗೆ ಒಂದೇ ಒಂದು ತಕರಾರು. ತ್ರಿಭುಜದ ಎರಡು ಬಾಹು, ಅವುಗಳ ನಡುವಿನ ಕೋನ ಕೊಟ್ಟರೆ ಉಳಿದದ್ದನ್ನು ಹೇಗೆ ಕಂಡುಹಿಡಿಯಬೇಕು? ಅವರದು ಕೋಸೈನ್ ನಿಯಮ. ಎರಡು ಬಾಹುಗಳನ್ನೂ ವರ್ಗ ಮಾಡಿ ಕೂಡಿ, ಅವೆರಡರ ಗುಣಲಬ್ಧದ ಎರಡರಷ್ಟನ್ನು ಕೋನದ ಕೋಸೈನಿನಿಂದ ಗುಣಿಸಿ ಕಳೆದು, ವರ್ಗಮೂಲ ತೆಗೆದರೆ ಮೂರನೆಯ ಬಾಹು ಬರುತ್ತದೆ. ಅಲ್ಲಿಂದ ಸೈನ್ ನಿಯಮದಿಂದ ಕೋನ. ನನ್ನದು ಟ್ಯಾಂಜೆಂಟ್ ನಿಯಮ. ಬಾಹುಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿ, ಕೊಟ್ಟ ಕೋನದ ಅರ್ಧದ ಕೋಟ್ಯಾಂಜೆಂಟಿನಿಂದ ಗುಣಿಸಿದರೆ, ಉಳಿದೆರಡು ಕೋನಗಳ ವ್ಯತ್ಯಾಸದ ಅರ್ಧದ ಟ್ಯಾಂಜೆಂಟ್ ಸಿಗುತ್ತದೆ. ಆ ಕೋನಗಳ ಮೊತ್ತದ ಅರ್ಧ ಹೇಗೂ ಗೊತ್ತಿರುತ್ತದೆ. ಅದಕ್ಕೆ ಇದನ್ನು ಕೂಡಿದರೆ ದೊಡ್ಡ ಕೋನ, ಕಳೆದರೆ ಚಿಕ್ಕದು.

ಲಾಗ್ ಟೇಬಲ್ಲಿನ ಕಾಲದಲ್ಲಿ ಇದು ಸಣ್ಣ ಸಂಗತಿಯಾಗಿರಲಿಲ್ಲ. ಲಾಗ್ ಟೇಬಲ್ ಗುಣಾಕಾರ ಭಾಗಾಕಾರಗಳನ್ನು ಸುಲಭವಾಗಿ ಮಾಡಿಕೊಡುತ್ತದೆ. ಕೂಡು ಕಳೆ ಎಂದರೆ ಕೈಕಟ್ಟಿ ಕೂರುತ್ತದೆ. ಐದು, ಎಂಟು ಎಂಬಂಥ ಪುಟ್ಟ ಅಂಕಿಗಳಿದ್ದರೆ, ಅಥವಾ ಮೂರನೆಯ ಬಾಹು ಮಾತ್ರ ಸಾಕಾದರೆ ಕೋಸೈನೇ ಸರಿ, ನಾನೂ ಅದನ್ನೇ ಹೇಳುತ್ತಿದ್ದೆ. ಅಂಕಿ ದೊಡ್ಡದಿದ್ದು ಕೋನಗಳಷ್ಟೇ ಬೇಕಾದಾಗ ಟ್ಯಾಂಜೆಂಟ್ ನಿಯಮ ಎಷ್ಟೋ ಕಡಿಮೆ ಕೆಲಸ.

“ಶಾರ್ಟ್‌ಕಟ್ ಹಿಡಿದೋರು ತುಂಗಾ ಸೇತುವೆ ಬಿಟ್ಟು ನೀರಲ್ಲಿ ಇಳೀತಾರೆ, ನೋಡ್ತಿರಿ,” ಎಂದು ಅವರು ಸ್ಟಾಫ್ ರೂಮಿನಲ್ಲಿ ನಗಿಸುತ್ತಿದ್ದರು.

“ಸರ್, ಬೇಸಿಗೇಲಿ ಎಲ್ಲರೂ ಇಳಿದೇ ದಾಟ್ತಾರೆ,” ಎಂದಿದ್ದೆ ಒಂದು ಸಲ. ಕೆಮಿಸ್ಟ್ರಿ ಮೇಡಂ ಆಮೇಲೆ ನನ್ನ ತೋಳು ಚಿವುಟಿ, “ನಿಂಗೆ ಬಾಯಿ ಜಾಸ್ತಿ ಮಾರಾಯ್ತಿ,” ಎಂದರು.

ಆ ವರ್ಷದ ಪ್ರಿಪರೇಟರಿ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನೂ ಅದರ ಸರಿಯುತ್ತರಗಳ ಕೀಯನ್ನೂ ಹೆಚ್ಚೋಡಿಯವರೇ ಮಾಡಿದ್ದರು. ನಮ್ಮ ಕಾಲೇಜಿನಲ್ಲಿ ಪ್ರಿಪರೇಟರಿಯಲ್ಲಿ ಫೇಲಾದವರನ್ನು ಪಬ್ಲಿಕ್ ಪರೀಕ್ಷೆಗೆ ಕಳಿಸುತ್ತಿರಲಿಲ್ಲ. ನನ್ನ ಸೆಕ್ಷನ್ನಿನ ಉತ್ತರಪತ್ರಿಕೆಗಳನ್ನು ಆ ಕೀ ಇಟ್ಟುಕೊಂಡು ತಿದ್ದಿದೆ. ಭದ್ರಾವತಿಯ ಹುಡುಗಿ ಒಂದು ಲೆಕ್ಕದ ಅಂತರದಲ್ಲಿ ಫೇಲು.

ಅವಳ ವಿಷಯ ನನಗೆ ಗೊತ್ತಿತ್ತು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ; ದಿನಾ ಬೆಳಿಗ್ಗೆ ರೈಲಿನಲ್ಲಿ ಶಿವಮೊಗ್ಗಕ್ಕೆ. ಅವಳ ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರ್. ಅಲ್ಲಿನ ಡ್ರಾಯಿಂಗ್ ಆಫೀಸಿಗೆ ಟ್ರೇಸರ್ ಕೆಲಸಕ್ಕೆ ಹುಡುಗಿಯರನ್ನು ತೆಗೆದುಕೊಳ್ಳುವವರಿದ್ದರು. ಎಂಜಿನಿಯರರು ಬರೆದ ನಕ್ಷೆಗಳನ್ನು ಇಂಕಿನಲ್ಲಿ ಎತ್ತಿ ಬರೆಯುವ ಕೆಲಸ. ಪಿಯುಸಿ ಈ ವರ್ಷವೇ ಪಾಸಾಗಿರಬೇಕು. ಮುಂದಿನ ವರ್ಷ ಅಪ್ಪನ ರಿಟೈರ್‌ಮೆಂಟ್, ಆಮೇಲೆ ಕ್ವಾರ್ಟರ್ಸೂ ಇಲ್ಲ, ಶಿಫಾರಸೂ ಇಲ್ಲ. “ಡಿಟೇನ್ ಆದ್ರೆ ಮುಗೀತು ಮೇಡಂ,” ಎಂದು ಅವಳೇ ಒಮ್ಮೆ ಹೇಳಿದ್ದಳು, ಬಸ್ಸು ತಪ್ಪಿತು ಅನ್ನುವಷ್ಟೇ ಸಾಧಾರಣವಾಗಿ.

ಆ ಲೆಕ್ಕ ಇದು. ಎರಡು ಬಾಹುಗಳು 328 ಮತ್ತು 205, ನಡುವಿನ ಕೋನ ಮೂವತ್ತು ಡಿಗ್ರಿ. ಉಳಿದೆರಡು ಕೋನಗಳನ್ನು ಕಂಡುಹಿಡಿಯಿರಿ. ಅವಳ ಉತ್ತರ, ನೂರಾ ಹದಿನೈದು ಡಿಗ್ರಿ ನಲವತ್ತನಾಲ್ಕು ಮಿನಿಟ್ಸ್, ಇನ್ನೊಂದು ಮೂವತ್ತನಾಲ್ಕು ಡಿಗ್ರಿ ಹದಿನಾರು. ಕೀಯಲ್ಲಿದ್ದದ್ದು ಅರವತ್ತನಾಲ್ಕು ಡಿಗ್ರಿ ಹದಿನೈದು, ಎಂಬತ್ತೈದು ಡಿಗ್ರಿ ನಲವತ್ತೈದು. ನನ್ನ ಸೆಕ್ಷನ್ನಿನಲ್ಲಿ ಟ್ಯಾಂಜೆಂಟ್ ಹಾಕಿದವರೆಲ್ಲರದೂ ಅವಳ ಉತ್ತರವೇ. ಎಲ್ಲರೂ ಒಟ್ಟಿಗೆ ತಪ್ಪು ಮಾಡಿದ್ದರೆ ಕಲಿಸಿದವಳೇ ತಪ್ಪಿರಬೇಕು ಎಂದುಕೊಂಡು ಪ್ರಶ್ನೆಪತ್ರಿಕೆಯನ್ನು ಚೀಲಕ್ಕೆ ಹಾಕಿಕೊಂಡೆ.

ಮನೆಗೆ ಹೋಗಿ ನಾನೇ ಬಿಡಿಸಿದೆ. ವ್ಯತ್ಯಾಸ 123, ಮೊತ್ತ 533. ಎರಡು ಲಾಗ್, ಒಂದು ಕಳೆ. ಹದಿನೈದು ಡಿಗ್ರಿಯ ಕೋಟ್ಯಾಂಜೆಂಟಿನ ಲಾಗ್ ಸೇರಿಸು. ಬಾರ್ ಒನ್ ಪಾಯಿಂಟ್ ನೈನ್ ತ್ರೀ ಫೈವ್ ಒನ್. ಅಂದರೆ ನಲವತ್ತು ಡಿಗ್ರಿ ನಲವತ್ತನಾಲ್ಕು ಮಿನಿಟ್ಸ್. ಅದನ್ನು ಎಪ್ಪತ್ತೈದಕ್ಕೆ ಕೂಡಿದೆ, ಎಪ್ಪತ್ತೈದರಿಂದ ಕಳೆದೆ. ಹುಡುಗಿಯ ಉತ್ತರವೇ ಬಂತು. ಆಮೇಲೆ ಕೋಸೈನ್ ದಾರಿಯಲ್ಲಿ ಹೋದೆ. ಮೂರನೆಯ ಬಾಹು 182ಕ್ಕೆ ಕೂದಲೆಳೆ ಹೆಚ್ಚು. ದೊಡ್ಡ ಬಾಹುವಿನ ಎದುರಿನ ಕೋನದ ಸೈನ್ 0.9007. ಬೆರಳು ಟೇಬಲ್ಲಿನಲ್ಲಿ ಇಳಿದು ಅರವತ್ತನಾಲ್ಕರ ಸಾಲಿನಲ್ಲಿ ನಿಂತಿತು.

ಹೆಚ್ಚೋಡಿಯವರ ಬೆರಳು ನಿಂತಲ್ಲೇ ನನ್ನದೂ ನಿಂತಿತು, ಅದೇ ಸಮಾಧಾನ. ಸೈನ್ ಟೇಬಲ್ ತೊಂಬತ್ತಕ್ಕೆ ಮುಗಿಯುತ್ತದೆ. ಅರವತ್ತನಾಲ್ಕೂ ಕಾಲು ಡಿಗ್ರಿಗೂ ಅದನ್ನು ನೂರಾ ಎಂಬತ್ತರಿಂದ ಕಳೆದು ಬರುವ ನೂರಾ ಹದಿನೈದೂ ಮುಕ್ಕಾಲಿಗೂ ಸೈನ್ ಒಂದೇ. ಎರಡನೆಯದನ್ನು ಟೇಬಲ್ ತಾನಾಗಿ ಹೇಳುವುದಿಲ್ಲ, ನಾವೇ ಕೇಳಬೇಕು. ಟ್ಯಾಂಜೆಂಟ್ ನಿಯಮದಲ್ಲಿ ಸಿಗುವುದು ವ್ಯತ್ಯಾಸದ ಅರ್ಧ. ಅದು ಎಂದೂ ತೊಂಬತ್ತನ್ನು ಮುಟ್ಟದ್ದರಿಂದ ಅಲ್ಲಿ ಈ ಗೊಂದಲವೇ ಇಲ್ಲ.

ಈಗ ನನ್ನ ತಮ್ಮನ ಮೊಮ್ಮಗಳು ಫೋನಿನಲ್ಲಿ ಕೋಸೈನ್ ನಿಯಮವನ್ನೇ ಎರಡು ಸಲ ಹಾಕಿ ಚಿಟಿಕೆಯಲ್ಲಿ ಮುಗಿಸುತ್ತಾಳೆ. ಕೋನ ತೊಂಬತ್ತು ದಾಟಿದರೆ ಕೋಸೈನ್ ಮೈನಸ್ ಬಂದು ತಾನೇ ಹೇಳಿಬಿಡುತ್ತದೆ. “ಅಜ್ಜಿ, ಟ್ಯಾಂಜೆಂಟ್ ರೂಲ್ ನಮ್ಮ ಸಿಲಬಸ್ಸಲ್ಲೇ ಇಲ್ಲ,” ಎನ್ನುತ್ತಾಳೆ. ಇರಬೇಕಾಗಿಯೂ ಇಲ್ಲವೇನೋ.

ಆ ಲೆಕ್ಕ ಬಿಡಿಸಿದ ಮರುದಿನ ಹೆಚ್ಚೋಡಿಯವರ ಕೋಣೆಗೆ ಹೋದೆ. ಹೇಳಿದ್ದನ್ನು ಕೇಳಿ ಅವರು ಕೀಯನ್ನು ನನ್ನ ಕಡೆ ತಿರುಗಿಸಿದರು. “ಮೂರೂ ಕೋನ ಕೂಡ್ಸಮ್ಮ. ನೂರಾ ಎಂಬತ್ತು ಬರುತ್ತೋ ಇಲ್ವೋ?”

“ಬರುತ್ತೆ ಸರ್. ಮೂರನೇದನ್ನ ನೂರಾ ಎಂಬತ್ತರಿಂದ ಕಳೆದೇ ತೆಗೆದಿರೋದಲ್ವಾ, ಯಾವಾಗಲೂ ಬರುತ್ತೆ.”

ಅವರು ಕನ್ನಡಕ ತೆಗೆದರು. “ಆ ಹುಡುಗಿ ಫೇಲು ಅಂತ ತಾನೇ ಬಂದಿರೋದು ನೀವು?”

“ಹೌದು ಸರ್. ಆದ್ರೆ ಲೆಕ್ಕ ಸರಿ ಇಲ್ದಿದ್ರೆ ಬರ್ತಿರ್ಲಿಲ್ಲ.”

“ಕರೀರಿ ಅವಳನ್ನ.”

ಅವಳು ಬಂದು ಬಾಗಿಲಲ್ಲಿ ನಿಂತಳು. ಫಲಿತಾಂಶ ಆಗಲೇ ಕಿವಿಗೆ ಬಿದ್ದಿತ್ತು, ಕಣ್ಣು ಊದಿತ್ತು.

“ಯಾಕಮ್ಮ, ಕೋಸೈನ್ ಬರಲ್ವಾ ನಿಂಗೆ?”

“ಬರುತ್ತೆ ಸರ್.”

“ಮತ್ತೆ?”

“ಅವತ್ತು ಟ್ರೈನ್ ಲೇಟು ಸರ್. ಕೋಸೈನಲ್ಲಿ ಲಾಗ್ ಒಳಗೆ ಹೋಗ್ಬೇಕು, ಆಚೆ ಬಂದು ಕೂಡಿ ಕಳೀಬೇಕು, ವರ್ಗಮೂಲಕ್ಕೆ ಮತ್ತೆ ಒಳಗೆ ಹೋಗ್ಬೇಕು. ಇದ್ರಲ್ಲಿ ಒಂದೇ ಸಲ ಹೋಗಿ ಬರ್ಬೋದು. ಪ್ರಶ್ನೆಲಿ ಕೇಳಿದ್ದೂ ಕೋನ ಮಾತ್ರ.”

ನಾನು ಕ್ಲಾಸಿನಲ್ಲಿ ಒಂದು ಗಂಟೆ ಹೇಳಿದ್ದನ್ನು ಅವಳು ಒಂದು ಉಸಿರಿನಲ್ಲಿ ಹೇಳಿದಳು. ಹೆಚ್ಚೋಡಿಯವರ ಮೀಸೆ ಅಲುಗಿತು. “ರೈಲು ಇಲಾಖೆಯವರು ಗಣಿತ ಕಲಿಸ್ತಾರೆ ಅಂತಾಯ್ತು,” ಎಂದು ಎದ್ದು ನಿಂತರು. “ಬನ್ನಿ, ಬೋರ್ಡನ್ನೇ ಕೇಳೋಣ.”

ಪಕ್ಕದ ಖಾಲಿ ಕ್ಲಾಸಿನಲ್ಲಿ ಮರದ ಅಳತೆಪಟ್ಟಿ, ದೊಡ್ಡ ಕೋನಮಾಪಕ ಇಟ್ಟುಕೊಂಡು ಅವರೇ ತ್ರಿಭುಜ ಬರೆದರು. ಮೂವತ್ತು ಡಿಗ್ರಿ, ಒಂದು ಕಡೆ 328ರ ಪ್ರಮಾಣ, ಇನ್ನೊಂದು ಕಡೆ 205. ತುದಿಗಳನ್ನು ಸೇರಿಸಿದರು. ಅಳೆಯುವ ಅಗತ್ಯವೇ ಬೀಳಲಿಲ್ಲ. ದೊಡ್ಡ ಬಾಹುವಿನ ಎದುರಿನ ಮೂಲೆ ಈಜಿಚೇರಿನ ಬೆನ್ನಿನ ಹಾಗೆ ಹಿಂದಕ್ಕೆ ವಾಲಿತ್ತು. ಆದರೂ ಅವರು ಕೋನಮಾಪಕವನ್ನು ಅಲ್ಲಿಟ್ಟು, ಬಗ್ಗಿ ಓದಿದರು. ನೂರಾ ಹದಿನಾರರ ಹತ್ತಿರ.

“ದೊಡ್ಡ ಬಾಹುವಿನ ಎದುರು ದೊಡ್ಡ ಕೋನ,” ಎಂದರು, ಯಾರಿಗೂ ಅಲ್ಲದಂತೆ. “ನನ್ನ ಕೀಯಲ್ಲಿ 205ರ ಎದುರು ಎಂಬತ್ತೈದು ಕೂರ್ಸಿದೀನಿ. ಹೈಸ್ಕೂಲ್ ಮಕ್ಕಳಿಗೆ ಹೇಳೋ ಮಾತು.”

ಅವರು ಕೈಗೆ ಅಂಟಿದ ಸುಣ್ಣವನ್ನು ಬಹಳ ಹೊತ್ತು ಒರೆಸಿಕೊಳ್ಳುತ್ತಿದ್ದರು. ನನಗೆ ಗೆದ್ದೆ ಅನ್ನಿಸಲಿಲ್ಲ. ಆ ಬೆನ್ನನ್ನು ನೋಡಿ, ಮೂವತ್ತು ವರ್ಷ ಪಾಠ ಹೇಳಿದ ಮೇಲೆ ನನ್ನ ಬೆರಳೂ ಒಂದು ದಿನ ಹೀಗೆ ತೊಂಬತ್ತರ ಒಳಗೇ ನಿಲ್ಲುತ್ತದೆ ಅನ್ನಿಸಿತು. ಹಿಂದಿನ ಸಂಜೆ ನಿಂತೂ ಇತ್ತಲ್ಲ.

“ಸರ್, ನಾನೂ ಮೊದಲು ಅರವತ್ತನಾಲ್ಕಕ್ಕೇ ಬಂದೆ,” ಎಂದೆ.

“ಸುಳ್ಳು ಹೇಳ್ಬೇಡಿ.”

“ನಿಜ ಸರ್.”

“ಹಾಗಾದ್ರೆ ಸರಿ,” ಎಂದು ಹುಡುಗಿಯ ಕಡೆ ತಿರುಗಿದರು. “ಏನಮ್ಮ, ನಿನ್ನ ಲೆಕ್ಕ ಸರಿ ಇದೆ. ಪರೀಕ್ಷೆಗೆ ಕೂತ್ಕೋತೀಯ. ಬೇಗ ಬರೋ ರೈಲಿಗೆ ಬಾ.”

ಅವಳು “ಸರ್” ಎಂದಷ್ಟೇ ಅಂದು, ಡಸ್ಟರ್ ಎತ್ತಿಕೊಂಡು ಬೋರ್ಡು ಒರೆಸಲು ಹೋದಳು. “ಇರ್ಲಿ ಬಿಡು, ನನ್ನ ಕ್ಲಾಸಿನವರೂ ನೋಡ್ಲಿ,” ಎಂದು ಅವರು ತಡೆದರು. ಎರಡೂ ಸೆಕ್ಷನ್ನಿನ ಪತ್ರಿಕೆಗಳನ್ನು ಮತ್ತೆ ತಿದ್ದಿದೆವು. ಹೆಚ್ಚೋಡಿಯವರು, ತಾವು ಕಲಿಸಿದ ದಾರಿಯಲ್ಲೇ ಹೋಗಿ ಅರವತ್ತನಾಲ್ಕು ಬರೆದವರಿಗೆ ಮೂರನೆಯ ಬಾಹುವಿನವರೆಗಿನ ಅಂಕ ಕೊಡಿಸಿದರು. ಅದರಿಂದ ಯಾರೂ ಫೇಲಾಗಲಿಲ್ಲ.

ಅವಳು ಪಬ್ಲಿಕ್ ಪರೀಕ್ಷೆ ಪಾಸಾದಳೆಂದು ಆಫೀಸಿನ ನೋಟಿಸ್ ಬೋರ್ಡಿನಲ್ಲಿ ನೋಡಿದೆ. ಅಷ್ಟರಲ್ಲಿ ನನ್ನ ಮದುವೆ ಗೊತ್ತಾಗಿತ್ತು, ಕಾಲೇಜು ಬಿಟ್ಟೆ. ಅವಳಿಗೆ ಕೆಲಸ ಸಿಕ್ಕಿತೋ ಇಲ್ಲವೋ ಆಗ ತಿಳಿಯಲಿಲ್ಲ. ಬರೆಯಬೇಕು ಅಂದುಕೊಂಡೆ, ಅಡ್ರೆಸ್ ಇರಲಿಲ್ಲ. ವಿಚಾರಿಸಿದ್ದರೆ ಸಿಗುತ್ತಿತ್ತು. ಹೊಸ ಸಂಸಾರದಲ್ಲಿ ಅದೂ ಹಾಗೇ ಉಳಿಯಿತು.

ಅವಳನ್ನು ಕಡೆಯ ಸಲ ಕಂಡದ್ದು ಎರಡು ವರ್ಷದ ಮೇಲೆ, ತವರಿಗೆ ಬರುವಾಗ, ಭದ್ರಾವತಿಯಲ್ಲಿ ನಿಂತ ಬಸ್ಸಿನ ಕಿಟಕಿಯಿಂದ. ಶಿಫ್ಟಿನ ಹೊತ್ತು, ರಸ್ತೆ ತುಂಬ ಸೈಕಲ್ಲು. ಅವುಗಳ ನಡುವೆ ನೀಲಿ ಸೀರೆ ಮೊಣಕಾಲಿನ ಹತ್ತಿರ ಸ್ವಲ್ಪ ಎತ್ತಿ ಹಿಡಿದು ಅವಳು ಕಾರ್ಖಾನೆಯ ಗೇಟಿನ ಕಡೆ ಬಿರಬಿರನೆ ನಡೆಯುತ್ತಿದ್ದಳು. ಬಲಗೈಯ ಎರಡು ಬೆರಳಲ್ಲಿ ಕಪ್ಪು ಇಂಕಿನ ಕಲೆ. ನಾನು ಕಿಟಕಿಯಿಂದ ಕೈ ಚಾಚಿ ಕೂಗಿದೆ. ಅವಳು ತಲೆಯೆತ್ತಿ ನೋಡಿ ನಕ್ಕಳು. “ಮೇಡಂ, ಲೇಟಾಯ್ತು, ಗೇಟ್ ಹಾಕ್ಬಿಡ್ತಾರೆ,” ಎಂದು ಕೂಗಿ, ಅರ್ಧ ನಡೆ ಅರ್ಧ ಓಟದಲ್ಲಿ ಒಳಗೆ ಹೋದಳು.